ಸ್ಟಿಕರ್ ಚಿಕ್ಕದಾದರೂ ಮುಖಭಾವ ಕಾಣಬೇಕಾದರೆ

ಗೆಳೆಯನನ್ನು ಕೇಳಿಯೇ ಅವನ ಫೋಟೋಗಳಿಂದ ವಾಟ್ಸಾಪ್‌ಗೆ 12 ಸ್ಟಿಕರ್ ಮಾಡಿದೆ. ಎಡಿಟರ್‌ನಲ್ಲಿ ನಗು, ಸಿಟ್ಟು, ಅಚ್ಚರಿ ಎಲ್ಲ ಸ್ಪಷ್ಟ. ಚಾಟ್‌ನಲ್ಲಿ ನೋಡಿದರೆ ಹನ್ನೆರಡೂ ಒಂದೇ: ಕಪ್ಪು ತಲೆ, ಕೆಳಗೊಂದು ಶರ್ಟು.

ದೊಡ್ಡ ಫೋಟೋ ಬಳಸಿದೆ. ಕೊನೆಗೆ ಎಲ್ಲವೂ 512×512 ಪಿಕ್ಸೆಲ್‌ಗೇ ಇಳಿಯುವುದರಿಂದ ಉಪಯೋಗವಾಗಲಿಲ್ಲ. ಶಾರ್ಪನ್ ಮಾಡಿದಾಗ ಗಡ್ಡ ಎದ್ದು ಕಂಡಿತು, ಬಾಯಿ ಅಲ್ಲ. ಕಾಂಟ್ರಾಸ್ಟ್ ಏರಿಸಿದಾಗ ಕಣ್ಣುಗಳೇ ನೆರಳಲ್ಲಿ ಮುಳುಗಿದವು.

ಕೆಲಸಕ್ಕೆ ಬಂದದ್ದು ಕ್ರಾಪ್. ಸೊಂಟದವರೆಗಿನ ಚಿತ್ರದಲ್ಲಿ ಮುಖದ ಎತ್ತರ ಸುಮಾರು 140 ಪಿಕ್ಸೆಲ್ ಇತ್ತು. ಕುತ್ತಿಗೆಯನ್ನು ಪೂರ್ತಿ, ನೆತ್ತಿಯ ಕೂದಲನ್ನು ಅರ್ಧ ಕತ್ತರಿಸಿ ಮುಖವನ್ನೇ 400ರ ಹತ್ತಿರಕ್ಕೆ ತಂದೆ. ಸುತ್ತ 16 ಪಿಕ್ಸೆಲ್ ಖಾಲಿ ಜಾಗ ಬಿಟ್ಟೆ. ಆಮೇಲೆ ಇಡೀ ಚಿತ್ರಕ್ಕಲ್ಲದೆ, ಕಣ್ಣುಗುಳಿ ಮತ್ತು ತುಟಿಯ ಸುತ್ತ ಮಾತ್ರ ನೆರಳನ್ನು ತಿಳಿಗೊಳಿಸಿದೆ. ಕಡೆಗೆ 8 ಪಿಕ್ಸೆಲ್ ಬಿಳಿ ಅಂಚು. ಇದಿಲ್ಲದಿದ್ದರೆ ಕಪ್ಪು ಹಿನ್ನೆಲೆಯಲ್ಲಿ ಕೂದಲು ಕಳೆದುಹೋಗುತ್ತದೆ.

ಹಿನ್ನೆಲೆ ಕತ್ತರಿಸುವ ಮೊದಲೇ ಒಂದು ಪರೀಕ್ಷೆ ಮಾಡಿ (ನಾನು ಕೊನೆಗೆ ಮಾಡಿ ಎರಡು ಸಂಜೆ ಕಳೆದೆ): ಕ್ರಾಪ್ ಮಾಡಿದ ಚಿತ್ರವನ್ನು 96 ಪಿಕ್ಸೆಲ್‌ಗೆ ಇಳಿಸಿ, ಬಣ್ಣ ತೆಗೆದು, ತೋಳಿನಷ್ಟು ದೂರ ಹಿಡಿದು ನೋಡಿ. ಭಾವ ಹೊಳೆಯದಿದ್ದರೆ ಆ ಫೋಟೋ ಬಿಡಿ. ನನ್ನವುಗಳಲ್ಲಿ ಮುಗುಳ್ನಗೆಯ ಮೂರೂ ಬಿದ್ದುಹೋದವು. ತೆರೆದ ಬಾಯಿ, ಏರಿದ ಹುಬ್ಬು, ಕೆನ್ನೆಗೆ ಹಚ್ಚಿದ ಕೈ ಉಳಿದವು. ಸಿಟ್ಟಿನ ಫೋಟೋದಲ್ಲಿ ಹುಬ್ಬನ್ನು ಕೂದಲು ಮುಚ್ಚಿತ್ತು. ಅದನ್ನು ತಿದ್ದಲಾಗಲಿಲ್ಲ, ಕಿಟಕಿಗೆ ಮುಖ ಮಾಡಿ ಕೂರಿಸಿ ಹೊಸದಾಗಿ ತೆಗೆದೆ.

ಉಳಿಸುವಾಗ ವೆಬ್‌ಪಿ ಫಾರ್ಮ್ಯಾಟ್, 100 ಕೆಬಿ ಒಳಗೆ.