ನೂರು ವರ್ಷದ ಡಬ್ಬಿ ಅಂದರು, ನಾನು ಮೂಲೆಯ ಚಕ್ಕೆ ನೋಡಿದೆ

ಆ ಡಬ್ಬಿ ಸಿಕ್ಕಿದ್ದು ಹಳೇ ಸಾಮಾನು ಮಾರುವವರೊಬ್ಬರ ಹತ್ತಿರ. ಒಂದು ಗೇಣಿಗಿಂತ ಸ್ವಲ್ಪ ಉದ್ದ, ನಾಲ್ಕು ಬೆರಳು ಅಗಲ, ಎರಡೂ ತುದಿ ದುಂಡಗೆ. ಕಾಶ್ಮೀರದ ಪೇಪರ್ ಮ್ಯಾಶೆ ಕಲಮ್‌ದಾನ್, ಅಂದರೆ ಲೇಖನಿ ಇಡುವ ಡಬ್ಬಿ. ಈ ಕಲೆಗೆ ಹಿಂದೆ ‘ಕಾರ್-ಎ-ಕಲಮ್‌ದಾನ್’ ಅಂತಲೇ ಹೆಸರಿತ್ತು. “ನೂರು ವರ್ಷದ್ದು, ಪೂರ್ತಿ ಕೈಕೆಲಸ, ಅಸಲಿ ಚಿನ್ನ” ಅಂದರು ಅವರು, ಮೂರನ್ನೂ ಒಂದೇ ಉಸಿರಿನಲ್ಲಿ.

ಮೊದಲೆಲ್ಲ ನಾನೂ ಹಾಗೇ ಯೋಚಿಸುತ್ತಿದ್ದೆ. ಕೈಯಲ್ಲಿ ಬರೆದಿದ್ದರೆ ಹಳೇದು, ಹಳೇದಾದರೆ ಚಿನ್ನ ಅಸಲಿ. ಈಗ ಮೂರನ್ನೂ ಬೇರೆ ಬೇರೆಯಾಗಿ ನೋಡುತ್ತೇನೆ. ಶ್ರೀನಗರದ ಜಡಿಬಲ್ ಕಡೆ ಹೋದರೆ ಇವತ್ತಿಗೂ ನಕ್ಕಾಶರು ಕೂತು ಕೈಯಲ್ಲೇ ಬರೆಯುತ್ತಾರೆ. ಹೋದ ವಾರ ಮುಗಿದ ಡಬ್ಬಿಯೂ ಕೈಕೆಲಸವೇ ಅಲ್ವಾ? ಹಳೇ ಡಬ್ಬಿಗೆ ಯಾರೋ ಆಮೇಲೆ ಅಗ್ಗದ ಬಣ್ಣ ಬಳಿದಿರಬಹುದು. ಒಂದಕ್ಕೆ ಉತ್ತರ ಸಿಕ್ಕಿತು ಅಂತ ಇನ್ನೆರಡನ್ನು ಬಿಡುವ ಹಾಗಿಲ್ಲ.

ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿದೆ. ಹಗುರ. ಉಗುರಿನಿಂದ ತಟ್ಟಿದರೆ ಮಂಕಾದ ಸದ್ದು, ದಪ್ಪ ರಟ್ಟಿನ ಪುಸ್ತಕ ತಟ್ಟಿದ ಹಾಗೆ. ಈಗ ‘ಪೇಪರ್ ಮ್ಯಾಶೆ’ ಅಂತ ಮಾರುವ ಎಷ್ಟೋ ಟ್ರೇಗಳ ಒಳಗೆ ಕಾಗದವೇ ಇರುವುದಿಲ್ಲ. ಮರ ಅಥವಾ ಎಂಡಿಎಫ್ ಹಲಗೆ ಇರುತ್ತದೆ. ಮರ ಟಣ್ ಅನ್ನುತ್ತದೆ, ಎಂಡಿಎಫ್ ಕೈಗೆ ಭಾರ ಬೀಳುತ್ತದೆ. ಇನ್ನೊಂದು ಗುರುತು ಅಂಚಿನ ಗೆರೆ. ಯಂತ್ರದಲ್ಲಿ ಕತ್ತರಿಸಿದ ಹಲಗೆಯ ಅಂಚು ನೇರವಾಗಿ, ಒಂದೇ ದಪ್ಪಕ್ಕೆ ಇರುತ್ತದೆ. ಕಾಗದದ ಡಬ್ಬಿಯ ಗೋಡೆ ಒಂದು ಕಡೆ ಕೂದಲಷ್ಟು ದಪ್ಪ, ಇನ್ನೊಂದು ಕಡೆ ತೆಳು. ನನ್ನ ಡಬ್ಬಿಯ ಮುಚ್ಚಳ ಒಂದೇ ದಿಕ್ಕಿಗೆ ಸರಿಯಾಗಿ ಕೂರುತ್ತಿತ್ತು. ತಿರುಗಿಸಿ ಹಾಕಿದರೆ ಅಲ್ಲಾಡುತ್ತಿತ್ತು. ಈ ಪರೀಕ್ಷೆ ಪಾಸು.

ಆಮೇಲೆ ಚಿತ್ರ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ ಇದಕ್ಕೆ ಸಾಕು, ಗಡಿಯಾರ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವಂಥದ್ದು. ಅಚ್ಚು ಹಾಕಿದ ಚಿತ್ರವಾದರೆ ಬಣ್ಣ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ, ಪತ್ರಿಕೆಯ ಫೋಟೊ ಹತ್ತಿರದಿಂದ ನೋಡಿದ ಹಾಗೆ. ಆದರೆ ಮೋಸ ಇಷ್ಟು ಸುಲಭವಾಗಿ ಯಾವಾಗಲೂ ಸಿಕ್ಕುವುದಿಲ್ಲ. ಕೆಲವರು ಅಚ್ಚಿನ ಹಾಳೆ ಅಂಟಿಸಿ, ಅದರ ಮೇಲೆ ಅಲ್ಲಲ್ಲಿ ಬ್ರಷ್‌ನಿಂದ ಬಣ್ಣ ಮುಟ್ಟಿಸಿ, ಮೇಲೆ ದಪ್ಪ ವಾರ್ನಿಶ್ ಸುರಿಯುತ್ತಾರೆ. ಬೆರಳಿಗೆ ಉಬ್ಬು ಸಿಗುತ್ತದೆ, ಗಿರಾಕಿ ಖುಷಿಪಡುತ್ತಾನೆ. ಹಾಗಾಗಿ ನಾನು ಬ್ರಷ್ ಮುಟ್ಟಿದ ಜಾಗ ಬಿಟ್ಟು, ಮಧ್ಯದ ಸಪ್ಪೆ ಎಲೆಗಳನ್ನು ನೋಡುತ್ತೇನೆ. ಯಾರೂ ಗಮನಿಸದ ಎಲೆಯಲ್ಲಿ ಚುಕ್ಕಿ ಕಂಡರೆ ಕತೆ ಅಲ್ಲಿಗೆ ಮುಗೀತು.

ನನ್ನ ಡಬ್ಬಿಯ ಮೇಲಿದ್ದದ್ದು ಹಜಾರಾ ವಿನ್ಯಾಸ, ಹೆಸರೇ ಹೇಳುವ ಹಾಗೆ ಸಾವಿರ ಹೂವು. ಒಂದೇ ಜಾತಿಯ ಐದೆಸಳಿನ ಹೂವನ್ನು ಬೇರೆ ಬೇರೆ ಕಡೆ ಹುಡುಕಿ ಹೋಲಿಸಿದೆ. ಒಂದರ ಮೂರನೇ ಎಸಳು ಗಿಡ್ಡ, ಇನ್ನೊಂದರಲ್ಲಿ ಎಲ್ಲ ಎಸಳೂ ಎಡಕ್ಕೆ ವಾಲಿವೆ. ಕೈಯಲ್ಲಿ ಬರೆದಾಗ ತಪ್ಪೂ ಒಂದೇ ಥರ ಆಗುವುದಿಲ್ಲ. ಅಚ್ಚಿನಲ್ಲಾದರೆ ಅದೇ ಗಿಡ್ಡ ಎಸಳು ಹತ್ತು ಕಡೆ ಬರುತ್ತದೆ. ಗೆರೆಗಳೂ ಹಾಗೆ. ಬ್ರಷ್ ಇಟ್ಟಲ್ಲಿ ದಪ್ಪ, ಎತ್ತಿದಲ್ಲಿ ಕೂದಲಿನಂತೆ ಸಣ್ಣ.

ಶ್ರೀನಗರದಲ್ಲಿ ಒಬ್ಬ ಹಿರಿಯ ನಕ್ಕಾಶರು ಕೆಲಸ ಮಾಡುವುದನ್ನು ಒಂದು ಮಧ್ಯಾಹ್ನ ಕೂತು ನೋಡಿದ್ದೆ. ಪೆನ್ಸಿಲ್ ಮುಟ್ಟಲೇ ಇಲ್ಲ. ಡಬ್ಬಿಯನ್ನು ಮೊಣಕಾಲಿಗೆ ಆನಿಸಿಕೊಂಡು, ಬ್ರಷ್ ತಿರುಗಿಸುವ ಬದಲು ಡಬ್ಬಿಯನ್ನೇ ತಿರುಗಿಸುತ್ತಿದ್ದರು. ಮೊದಲು ಎಸಳಿನ ತಳದ ಬಣ್ಣ, ಅದು ಒಣಗಿದ ಮೇಲೆ ನೆರಳು, ಕೊನೆಗೆ ಅಂಚಿನ ಗೆರೆ. ಪ್ರವಾಸಿಗಳಿಗೆ ಅಂತ ಬೇಗ ಬೇಗ ಮಾಡಿದ ಮಾಲಿನಲ್ಲಿ ನೆರಳೇ ಇರುವುದಿಲ್ಲ. ಒಂದೆಸಳಿಗೆ ಒಂದೇ ಎಳೆತ. ಅದೂ ಕೈಕೆಲಸವೇ, ಸುಳ್ಳಲ್ಲ. ಆದರೆ ಬೆಲೆ ಒಂದೇ ಆಗಬಾರದು. ನನ್ನ ಡಬ್ಬಿಯ ಹೂವಿನಲ್ಲಿ ಮೂರು ಪದರವೂ ಸ್ಪಷ್ಟವಾಗಿತ್ತು. ಮಾರುವವರ ಎರಡನೇ ಮಾತು ನಿಜ.

ಚಿನ್ನದ ವಿಷಯಕ್ಕೆ ಬಂದಾಗ ಗೊಂದಲ ಶುರುವಾಯಿತು. ಮುಚ್ಚಳದ ಹೊರಗಿನ ಅಂಚಿನಲ್ಲಿ ಅಗಲವಾದ ಪಟ್ಟಿ ಇತ್ತು, ಕಂದು ಬಣ್ಣಕ್ಕೆ ತಿರುಗಿತ್ತು, ಒಂದು ಮೂಲೆಯಲ್ಲಿ ಹಸಿರು ಛಾಯೆ. ಚಿನ್ನ ಹಸಿರಾಗುವುದಿಲ್ಲ. ತಾಮ್ರ ಆಗುತ್ತದೆ. ‘ಗೋಲ್ಡ್ ಪೇಂಟ್’ ಅಂತ ಸಿಗುವುದು ಬಹುಮಟ್ಟಿಗೆ ತಾಮ್ರ ಮತ್ತು ಸತು ಬೆರೆತ ಲೋಹದ ಪುಡಿ, ಅಂದರೆ ಹಿತ್ತಾಳೆಯ ಜಾತಿ. ಭೂತಗನ್ನಡಿಯಲ್ಲಿ ಅದು ಬಿಡಿ ಬಿಡಿ ಹೊಟ್ಟಿನ ಹಾಗೆ ಮಿನುಗುತ್ತದೆ. ಚಿನ್ನದ ರೇಕು ಹಾಗಲ್ಲ, ಒಂದೇ ಹಾಳೆಯಾಗಿ ಹರಡಿರುತ್ತದೆ. ಎರಡು ರೇಕು ಒಂದರ ಮೇಲೊಂದು ಬಂದ ಕಡೆ ನೇರವಾದ ಸಣ್ಣ ಗೆರೆ ಕಾಣುತ್ತದೆ. ಸವೆದಲ್ಲಿ ಕಪ್ಪಾಗದೆ, ಸುಮ್ನೆ ತೆಳುವಾಗಿ ಕೆಳಗಿನ ಬಣ್ಣ ಇಣುಕುತ್ತದೆ.

ಬರೀ ಹೊಳಪು ನೋಡಿ ತೀರ್ಪು ಕೊಡಬಾರದು ಅನ್ನುವುದಕ್ಕೂ ಕಾರಣ ಇದೆ. ಹಿತ್ತಾಳೆ ಪುಡಿಯ ಮೇಲೆ ವಾರ್ನಿಶ್ ಒಡೆಯದೆ ಉಳಿದಿದ್ದರೆ ಅದು ಎಷ್ಟೋ ವರ್ಷ ಹೊಳೆಯುತ್ತಲೇ ಇರುತ್ತದೆ. ವಾರ್ನಿಶ್ ಎದ್ದ ಜಾಗದಲ್ಲಿ ಏನಾಗಿದೆ ಅಂತ ನೋಡಬೇಕು.

ಮುಚ್ಚಳ ತೆಗೆದು ಅಂಚಿನ ಒಳಮಗ್ಗುಲು ನೋಡಿದೆ. ಅಲ್ಲಿ ಒಂದು ತೆಳು ಗೆರೆ, ಹಳದಿಯಾಗಿ, ತಣ್ಣಗೆ ಹೊಳೆಯುತ್ತಿತ್ತು. ವಾರ್ನಿಶ್ ಒಡೆದ ಕಡೆಯೂ ಅದರ ಬಣ್ಣ ಬದಲಾಗಿರಲಿಲ್ಲ. ಹಾಗಾದರೆ ಹೊರಗಿನದ್ದು ಏನು? ಟಾರ್ಚನ್ನು ಪಕ್ಕದಿಂದ, ಬಹುತೇಕ ಮೇಲ್ಮೈಗೆ ತಾಗಿಸಿ ಹಿಡಿದೆ. ಒಂದು ಹಳೇ ಗೀರು ವಾರ್ನಿಶ್ ಮೇಲೆ ಹಾದುಹೋಗಿತ್ತು. ಹೊರಗಿನ ‘ಚಿನ್ನ’ ಆ ಗೀರಿನ ಒಳಗೆ ಇಳಿದು ತುಂಬಿಕೊಂಡಿತ್ತು. ಅಂದರೆ ಮೊದಲು ಗೀರು, ಆಮೇಲೆ ಬಣ್ಣ. ಒಳಗಿನ ಗೆರೆಯಾದರೋ ವಾರ್ನಿಶ್ ಕೆಳಗಿತ್ತು. ಮೂಲ ಚಿನ್ನ ಕೈತಾಗಿ ಸವೆದ ಮೇಲೆ ಯಾರೋ ಹಿತ್ತಾಳೆ ಬಣ್ಣದಿಂದ ‘ರಿಪೇರಿ’ ಮಾಡಿದ್ದರು. ಮೂರನೇ ಮಾತು ಅರ್ಧ ನಿಜ.

ಉಳಿದದ್ದು ವಯಸ್ಸು. ಹಳೇ ರಾಳದ ವಾರ್ನಿಶ್ ಹಳದಿಯಾಗುತ್ತದೆ. ಕೆಳಗಿನ ಬಿಳಿ ಕೆನೆಯಂತೆ, ನೀಲಿ ಹಸಿರಿನಂತೆ ಕಾಣುತ್ತದೆ. ಆದರೆ ಹಳದಿ ಬಣ್ಣ ಬೆರೆಸಿದ ವಾರ್ನಿಶ್ ಬಳಿದರೂ ಹಾಗೇ ಕಾಣುತ್ತದಲ್ಲ. ಬಿರುಕನ್ನೂ ಈಗ ಬಾಟಲಿಯಲ್ಲಿ ಮಾರುತ್ತಾರೆ, ಬಳಿದರೆ ತಾನೇ ಒಡೆಯುವ ವಾರ್ನಿಶ್. ಅದು ಇಡೀ ಮೇಲ್ಮೈಯಲ್ಲಿ ಒಂದೇ ಅಳತೆಯ ಬಲೆಯಂತೆ ಬಿರಿಯುತ್ತದೆ. ನಿಜವಾದ ಬಿರುಕು ಒತ್ತಡ ಬಿದ್ದಲ್ಲಿ ಜಾಸ್ತಿ, ಉಳಿದ ಕಡೆ ಕಡಿಮೆ. ಸವೆತವೂ ಹಾಗೆಯೇ. ಹೆಬ್ಬೆರಳು ಮುಚ್ಚಳ ಎತ್ತುವ ಜಾಗ, ಮೇಜಿಗೆ ಉಜ್ಜುವ ತಳದ ಅಂಚು, ಅಲ್ಲಿ ಸವೆದಿರಬೇಕು. ಒಳಗಿನ ತಗ್ಗಿನಲ್ಲೂ ಸಮವಾಗಿ ಸವೆದಿದ್ದರೆ ಅದು ಮರಳು ಕಾಗದದ ಕೆಲಸ. ನನ್ನ ಡಬ್ಬಿ ಸವೆದದ್ದು ಸರಿಯಾದ ಜಾಗದಲ್ಲೇ. ಹಾಗಂತ ಅದು ನೂರು ವರ್ಷಕ್ಕೆ ಸಾಕ್ಷಿಯಲ್ಲ. ದಿನಾ ಬಳಸಿದರೆ ಇಪ್ಪತ್ತು ವರ್ಷಕ್ಕೂ ಅಷ್ಟು ಸವೆಯುತ್ತದೆ.

ತಳದ ಒಂದು ಮೂಲೆಯಲ್ಲಿ ಚಕ್ಕೆ ಎದ್ದಿತ್ತು. ಕೊಳ್ಳುವವರು ಇದನ್ನು ಕಂಡರೆ ಮುಖ ಸಿಂಡರಿಸುತ್ತಾರೆ. ನನಗೆ ಅದೇ ಕಿಟಕಿ. ಮೇಲೆ ಬಣ್ಣ, ಅದರ ಕೆಳಗೆ ತೆಳು ಕಾಗದ, ಅದಕ್ಕೂ ಕೆಳಗೆ ಬಿಳಿ ಗಚ್ಚು, ಕೊನೆಗೆ ಕಂದು ಕಾಗದದ ತಿರುಳು. ಈ ಕೆಲಸದ ಕ್ರಮವೂ ಅದೇ. ಸಖ್ತ್‌ಸಾಜ್ ಅನ್ನುವ ಕುಶಲಕರ್ಮಿ ನೆನೆಸಿ ಕುಟ್ಟಿದ ಕಾಗದಕ್ಕೆ ಅಕ್ಕಿ ಗಂಜಿ ಸೇರಿಸಿ ಅಚ್ಚಿನ ಮೇಲೆ ಮೆತ್ತಿ ಒಣಗಿಸುತ್ತಾನೆ, ಗಚ್ಚು ಬಳಿದು ಉಜ್ಜಿ ನಯ ಮಾಡುತ್ತಾನೆ, ಬಣ್ಣ ಕೆಳಗಿನಿಂದ ಬಿರುಕು ಬಿಡದ ಹಾಗೆ ತೆಳು ಕಾಗದ ಅಂಟಿಸುತ್ತಾನೆ. ಆಮೇಲೆಯೇ ಅದು ನಕ್ಕಾಶನ ಕೈಗೆ ಹೋಗುವುದು.

ಕೋಣೆಯ ದೀಪ ಆರಿಸಿ, 365 ನ್ಯಾನೋಮೀಟರಿನ ಯುವಿ ಟಾರ್ಚ್ ಆ ಚಕ್ಕೆಗೆ ಬಿಟ್ಟೆ. ಕಂದು ತಿರುಳು ಮಂಕಾಗಿಯೇ ಇತ್ತು. ಆದರೆ ಅದರ ಮಧ್ಯೆ ಮೂರ್ನಾಲ್ಕು ಎಳೆ ಫಳ್ ಅಂತ ನೀಲಿ-ಬಿಳಿಯಾಗಿ ಹೊಳೆದವು, ಬಟ್ಟೆ ಸೋಪು ಹಾಕಿದ ಬಿಳಿ ಅಂಗಿ ಹೊಳೆಯುತ್ತದಲ್ಲ, ಹಾಗೆ. ಕಾಗದ ಬೆಳ್ಳಗೆ ಕಾಣಲಿ ಅಂತ ಸೇರಿಸುವ ರಾಸಾಯನಿಕದ ಹೊಳಪು ಅದು. ಕಾಗದದಲ್ಲಿ ಅದು ಬಳಕೆಗೆ ಬಂದಿದ್ದು ಸುಮಾರು 1950ರಿಂದ ಈಚೆಗೆ.

ತಕ್ಷಣ ನಂಬಲಿಲ್ಲ. ಆ ಮೂಲೆಯನ್ನೂ ಯಾರಾದರೂ ರಿಪೇರಿ ಮಾಡಿರಬಹುದು, ಬಿಳಿ ಫೆವಿಕಾಲ್ ಥರದ ಅಂಟೂ ಯುವಿಯಲ್ಲಿ ನೀಲಿಯಾಗಿ ಹೊಳೆಯುತ್ತದೆ. ಆದರೆ ಅಂಟು ಹೊಳೆದರೆ ಪೊರೆಯಾಗಿ, ಕಲೆಯಾಗಿ ಕಾಣುತ್ತದೆ. ಇಲ್ಲಿ ಹೊಳೆದದ್ದು ಬಿಡಿ ಎಳೆಗಳು, ತಿರುಳಿನೊಳಗೇ ಬೆರೆತವು. ಮುಚ್ಚಳದ ಒಳಗೆ ಇನ್ನೊಂದು ಸಣ್ಣ ಚಕ್ಕೆ ಹುಡುಕಿ ಅಲ್ಲೂ ನೋಡಿದೆ. ಅವೇ ಎಳೆಗಳು. ಎರಡು ಕಡೆಯೂ ಒಂದೇ ತಿರುಳು. ಈ ಪರೀಕ್ಷೆ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಮರೆಯಬಾರದು. ಹೊಳೆದರೆ ಹೊಸದು. ಹೊಳೆಯದಿದ್ದರೆ ಹಳೇದು ಅಂತಲ್ಲ, ಸಾಮಾನ್ಯವಾಗಿ ಹಳೇ ನ್ಯೂಸ್‌ಪ್ರಿಂಟ್ ಕುಟ್ಟಿ ನಿನ್ನೆ ಮಾಡಿದ ಡಬ್ಬಿಯೂ ಹೊಳೆಯುವುದಿಲ್ಲ.

ಒಂದು ಪರೀಕ್ಷೆಯನ್ನು ಮಾತ್ರ ನಾನು ಮಾಡುವುದಿಲ್ಲ. ಮೊದಲ ಸಲ ಕೊಂಡ ಟ್ರೇಯ ಕೊಳೆ ತೆಗೆಯೋಣ ಅಂತ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದ್ದೆ. ವಾರ್ನಿಶ್ ಮೊದಲು ಮಬ್ಬಾಯಿತು, ನಂತರ ಅಂಟಂಟಾಯಿತು. ಎರಡನೇ ಸಲ ಒರೆಸಿದಾಗ ಹತ್ತಿಯಲ್ಲಿ ಕೆಂಪು. ಕೆಳಗಿನದ್ದು ನೀರಿನ ಬಣ್ಣ, ಅದನ್ನು ಕಾಯುತ್ತಿದ್ದದ್ದು ಆ ವಾರ್ನಿಶ್ ಒಂದೇ. ಒಂದು ಚಿನಾರ್ ಎಲೆಯ ಅರ್ಧ ಹೋಯಿತು, ಈಗಲೂ ಹಾಗೇ ಇದೆ. ಅಂಗಡಿಯಲ್ಲಿ ಯಾರಾದರೂ “ನೋಡಿ, ಒರೆಸಿದರೂ ಬಣ್ಣ ಹೋಗಲ್ಲ” ಅಂತ ಸ್ಪಿರಿಟ್ ಹಚ್ಚಿ ತೋರಿಸಿದರೆ, ನನ್ನ ಮಟ್ಟಿಗೆ ಅದು ಮೇಲೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಜಾತಿಯ ವಾರ್ನಿಶ್ ಇರುವುದರ ಗುರುತು ಅಷ್ಟೇ.

ಮಾರಿದವರಿಗೆ ನಾನು ಕಂಡದ್ದೆಲ್ಲ ಹೇಳಿದೆ. ಚಕ್ಕೆಯನ್ನು ಕತ್ತಲಲ್ಲಿ ಅವರೇ ನೋಡಿದರು. “ಅಯ್ಯೋ, ನಮಗೂ ಹಾಗೇ ಹೇಳಿ ಕೊಟ್ಟಿದ್ರು” ಅಂದರು. ಹೇಳಿದ್ದರಲ್ಲಿ ಅರ್ಧಕ್ಕಿಂತ ಕಡಿಮೆಗೆ ಕೊಟ್ಟರು. ಹೊರಗಿನ ಹಿತ್ತಾಳೆ ಪಟ್ಟಿಯನ್ನು ಕೆರೆಯಲು ನಾನು ಹೋಗಿಲ್ಲ, ಕೆಳಗೆ ಉಳಿದಿರುವ ಚಿನ್ನವೂ ಜೊತೆಗೆ ಎದ್ದು ಬಂದರೆ ಕಷ್ಟ. ಡಬ್ಬಿಯ ಒಳಗೆ ಒಂದು ಚೀಟಿ ಇಟ್ಟಿದ್ದೇನೆ: ‘ಕಾಶ್ಮೀರ. ಕಾಗದದ ತಿರುಳು. ಹಜಾರಾ, ಕೈಯಲ್ಲಿ ಬರೆದದ್ದು. ಮುಚ್ಚಳದ ಒಳ ಅಂಚಿನಲ್ಲಿ ಚಿನ್ನ, ಹೊರಗಿನ ಪಟ್ಟಿ ಆಮೇಲೆ ಬಳಿದ ಹಿತ್ತಾಳೆ. 1950ಕ್ಕಿಂತ ಹಳೇದಲ್ಲ.’