ಮೊದಲು ಟಕ್ ತೆಗಿ, ಆಮೇಲೆ ಆರ್‌ಐಎಎ: ನನ್ನ ಎಲ್‌ಪಿ ಅನುಭವ

ಎಲ್‌ಪಿಯನ್ನು ಕಂಪ್ಯೂಟರಿಗೆ ಇಳಿಸುವಾಗ ಗೀರಿನ ಟಕ್‌ಟಕ್ ಶಬ್ದವನ್ನು ಆರ್‌ಐಎಎ, ಅಂದರೆ ಪ್ಲೇಟು ಕೊರೆಯುವಾಗ ತಗ್ಗಿಸಿದ ಬೇಸನ್ನೂ ಏರಿಸಿದ ಮೇಲಿನ ಸ್ವರವನ್ನೂ ಮತ್ತೆ ಸರಿಮಾಡುವ ಈಕ್ವಲೈಸೇಶನ್, ಹಾಕುವ ಮೊದಲೇ ತೆಗೆಯಬೇಕು ಅಂತ ನಾನು ಹೇಳಿದಾಗ ನಮ್ಮ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. ಈಗ ನನ್ನ ಹತ್ತಿರ ನೂರಕ್ಕೂ ಜಾಸ್ತಿ ರೆಕಾರ್ಡುಗಳ ಫೈಲು ಇವೆ. ಬೇಡ ಅಂದವರೇ ಈಗ ತಮ್ಮ ಪ್ಲೇಟುಗಳನ್ನು ನನ್ನ ಮನೆಗೆ ತಂದು ಕೊಡುತ್ತಿದ್ದಾರೆ.

ಹಳೆ ದಾರಿ ನಿಮಗೆ ಗೊತ್ತೇ ಇದೆ. ಆರ್‌ಐಎಎ ಒಳಗೇ ಇರುವ ಫೋನೋ ಪ್ರೀಆಂಪ್, ಅಲ್ಲಿಂದ ಆಡಿಯೋ ಇಂಟರ್‌ಫೇಸು, ಆಮೇಲೆ Audacity ಸಾಫ್ಟ್‌ವೇರು. ಸುಮಾರು ಆರು ಸಾವಿರದ ಒಳ್ಳೆ ಪ್ರೀಆಂಪನ್ನೇ ತಂದಿದ್ದೆ. ಆದರೂ Click Removal ಹಾಕಿದಾಗಲೆಲ್ಲ ಒಂದೋ ಟಕ್ ಉಳಿಯುತ್ತಿತ್ತು, ಇಲ್ಲ ಮೃದಂಗದ ಛಾಪು ಮೊಂಡಾಗುತ್ತಿತ್ತು. ಕಾರಣ ಪ್ರೀಆಂಪಿನೊಳಗೇ ಇದೆ. ಆರ್‌ಐಎಎ 10 ಕಿಲೋಹರ್ಟ್ಸ್ ಹತ್ತಿರ ಸುಮಾರು 14 ಡಿಬಿ ಇಳಿಸುತ್ತದೆ, ಕೆಳಗೆ ಬೇಸನ್ನು ಏರಿಸುತ್ತದೆ. ಗೀರಿನ ಚೂಪು ಶಬ್ದ ಅದರೊಳಗೆ ಹಾದು ಬರುವಾಗ ಮೊನೆ ಸವೆದು, ಬಾಲ ಬೆಳೆದು, ಹೆಚ್ಚುಕಡಿಮೆ ಮೃದಂಗದ ಪೆಟ್ಟಿನ ಆಕಾರಕ್ಕೇ ಬರುತ್ತದೆ. ಆಮೇಲೆ ಸಾಫ್ಟ್‌ವೇರು ಎರಡನ್ನೂ ಬೇರೆ ಮಾಡುವುದು ಹೇಗೆ?

ಅದಕ್ಕೇ ಆರ್‌ಐಎಎ ಇಲ್ಲದೆ ಫ್ಲಾಟ್ ಆಗಿ ರೆಕಾರ್ಡ್ ಮಾಡುವುದು ಅಂತ ತೀರ್ಮಾನ ಮಾಡಿದೆ. ಇಂಟರ್‌ಫೇಸಿನ ಮೈಕ್ ಇನ್‌ಪುಟ್ಟಿಗೆ ನೇರ ಕೊಟ್ಟರೆ ಆಗುವುದಿಲ್ಲ. ಮುಳ್ಳು ಕೂತಿರುವ ಎಂಎಂ ಕಾರ್ಟ್ರಿಜ್‌ಗೆ 47 ಕಿಲೋಓಮ್ ಲೋಡು ಬೇಕು, ಮೈಕ್ ಇನ್‌ಪುಟ್ಟಿನಲ್ಲಿ ಇರುವುದು ಎರಡು ಮೂರು ಕಿಲೋಓಮ್ ಅಷ್ಟೇ. ಮೇಲಿನ ಸ್ವರವೆಲ್ಲ ಸತ್ತುಹೋಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬೋರ್ಡು ಕಟ್ಟಿಕೊಡುವ ಒಬ್ಬರ ಹತ್ತಿರ ಹೋದೆ. ‘ಆರ್‌ಐಎಎ ಇಲ್ದೆ ಪ್ರೀಆಂಪ್ ಯಾರಾದ್ರೂ ಕೇಳ್ತಾರಾ ಸಾರ್?’ ಅಂದರು. ಕಟ್ಟಿಕೊಟ್ಟರು. ಎನ್‌ಇ5534 ಚಿಪ್ ಎರಡು, 47 ಕಿಲೋಓಮ್ ಲೋಡು, ಸುಮಾರು 40 ಡಿಬಿ ಗೇನ್. ಡಬ್ಬಿ ಸೇರಿ ಎರಡೂವರೆ ಸಾವಿರ ಆಯಿತು.

ರೆಕಾರ್ಡಿಂಗ್ 24 ಬಿಟ್, 96 ಕಿಲೋಹರ್ಟ್ಸ್. ಸಂಗೀತದ ಏರು −15 ಡಿಬಿ ದಾಟದ ಹಾಗೆ ಇಡುತ್ತೇನೆ, ಯಾಕೆಂದರೆ ಫ್ಲಾಟಿನಲ್ಲಿ ಗೀರಿನ ಮೊನೆಗಳು ತುಂಬಾ ಎತ್ತರ. ಕೇಳಿದರೆ ತಗಡು ತಗಡಾಗಿರುತ್ತದೆ, ಗಾಬರಿ ಬೇಡ. ಮೊದಲು Click Removal, ಆಮೇಲೆ Filter Curve EQ ಒಳಗಿನ RIAA, ಕೊನೆಗೆ 20 ಹರ್ಟ್ಸ್ ಕೆಳಗಿನದನ್ನು ಕತ್ತರಿಸುವುದು.

ಒಂದು ವೀಣೆ ಎಲ್‌ಪಿ, ಮೋನೋ, ಮೊದಲ ಬದಿಯ ತುಂಬ ಗೀರು. Threshold 200ರಲ್ಲಿಟ್ಟು ಒಂದು ಸುತ್ತು ಓಡಿಸಿದೆ. ಟಕ್ ತೆಗೆಯುವ ಮುಂಚಿನ ಟ್ರ್ಯಾಕಿನ ನಕಲಿಗೆ Invert ಹಾಕಿ ಎರಡನ್ನೂ ಸೇರಿಸಿದೆ. ಉಳಿಯುವುದು ಏನನ್ನು ತೆಗೆದಿದ್ದೇವೋ ಅದು ಮಾತ್ರ. ಅದರಲ್ಲಿ ಬರೀ ಚಟಪಟ ಕೇಳಿದರೆ ಸರಿ. ಮೀಟಿನ ತುದಿ ಕೇಳಿಸಿದರೆ ಸಂಗೀತವನ್ನೇ ಕೆರೆದಿದೆ ಅಂತ ಅರ್ಥ, Threshold ಏರಿಸಬೇಕು. ಇಲ್ಲಿ ಚಟಪಟ ಮಾತ್ರ ಇತ್ತು. ಅದೇ ಬದಿಯನ್ನು ಹಳೆ ದಾರಿಯಲ್ಲಿ ಮಾಡಿದ್ದಾಗ ಪ್ರತಿ ಮೀಟಿನ ತುದಿಯೂ ಸಿಕ್ಕಿತ್ತು. ಎರಡನೇ ಸುತ್ತಿಗೆ ನಾನು ಯಾವ ಸಂಖ್ಯೆ ಇಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಮೋನೋ ಆದ್ದರಿಂದ ಎಡ ಬಲ ಎರಡನ್ನೂ ಸೇರಿಸಿದೆ. ಟಕ್ ತೆಗೆದ ಮೇಲೆಯೇ ಸೇರಿಸಬೇಕು. ಗೀರು ಎಷ್ಟೋ ಸಲ ಗ್ರೂವಿನ ಒಂದೇ ಗೋಡೆಯಲ್ಲಿ ಇರುತ್ತದೆ, ಮೊದಲೇ ಸೇರಿಸಿದರೆ ಚೆನ್ನಾಗಿರುವ ಚಾನಲ್ಲಿಗೂ ಅದು ಹತ್ತುತ್ತದೆ.

ಫ್ಲಾಟಿನಲ್ಲಿ ಇನ್ನೊಂದು ಲಾಭ. 33⅓ ಪ್ಲೇಟನ್ನು 45ರಲ್ಲಿ ಓಡಿಸಿ, Change Speedನಲ್ಲಿ ಇಳಿಸಿ, ಆಮೇಲೆ ಆರ್‌ಐಎಎ ಹಾಕಬಹುದು, ಕಾಲು ಭಾಗ ಸಮಯ ಉಳಿಯುತ್ತದೆ. ಫೋನೋ ಪ್ರೀಆಂಪಿನಲ್ಲಿ ಹೀಗೆ ಮಾಡಿದರೆ ಈಕ್ವಲೈಸೇಶನ್ನೇ ಜಾಗ ತಪ್ಪುತ್ತದೆ. ವೀಣೆಗೆ ನಡೆಯಿತು, ಸವೆದ ನಾಗಸ್ವರದ ಪ್ಲೇಟಿನಲ್ಲಿ ತಾರಸ್ಥಾಯಿ ಒಡೆದುಹೋಯಿತು. ಅಲ್ಲಿಗೆ ಬಿಟ್ಟೆ.

ಇನ್ನು ಹಾಡು ಬೇರೆ ಮಾಡುವುದು. ಸಿನಿಮಾ ಹಾಡಿಗೆ Label Sounds ಸಾಕು. ಕರ್ನಾಟಕ ಸಂಗೀತಕ್ಕೆ ಹಾಕಿದರೆ ಆಲಾಪನೆಯ ನಡುವೆ ಉಸಿರು ನಿಲ್ಲಿಸಿದ ಕಡೆಯೆಲ್ಲ ಕತ್ತರಿಸಿಡುತ್ತದೆ. ನಾನು ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಹೋಗುತ್ತೇನೆ. ತಂಬೂರಿ ಇರುವಷ್ಟು ಹೊತ್ತೂ ಅಡ್ಡ ಗೆರೆಗಳು ಒಂದೇ ಸಮ ಓಡುತ್ತವೆ. ಗಾಯಕರು ಎಷ್ಟೇ ಹೊತ್ತು ನಿಲ್ಲಿಸಿದರೂ ಆ ಗೆರೆ ನಿಲ್ಲುವುದಿಲ್ಲ. ನಿಜವಾದ ಖಾಲಿ ಪಟ್ಟಿಯಲ್ಲಿ ಗೆರೆ ಮಾಯ, ಉಳಿದ ಗೀರಿನ ಉದ್ದ ಕಡ್ಡಿಗಳಷ್ಟೇ. ಅಂಥ ಎರಡು ಪಟ್ಟಿಗಳ ನಡುವಿನ ಭಾಗವನ್ನು ಆರಿಸಿ, Ctrl+B ಒತ್ತಿ ರಾಗದ ಹೆಸರು ಬರೆಯುತ್ತೇನೆ. ಲೇಬಲ್ ಫೈಲು ಹೀಗಿರುತ್ತದೆ:

```
2.1	402.6	01 ಕಲ್ಯಾಣಿ
406.3	731.0	02 ಮೋಹನ
734.8	1188.5	03 ತೋಡಿ
```

ಶುರುವಿನ ಗುರುತನ್ನು ತಂಬೂರಿಗಿಂತ ಅರ್ಧ ಸೆಕೆಂಡು ಮೊದಲೇ ಇಡಿ, ಇಲ್ಲದಿದ್ದರೆ ಶ್ರುತಿಯ ಮೊದಲ ಮೀಟು ತುಂಡಾಗುತ್ತದೆ. ಆಮೇಲೆ ಲೇಬಲ್ ಪ್ರಕಾರ ಫ್ಲ್ಯಾಕ್ ಎಕ್ಸ್‌ಪೋರ್ಟ್.

ಟಕ್ ತೆಗೆಯುವ ಮೊದಲಿನ ಫ್ಲಾಟ್ ಫೈಲನ್ನು ಮಾತ್ರ ನಾನು ಅಳಿಸುವುದಿಲ್ಲ. ಒಂದು ಬದಿಗೆ ಸುಮಾರು 700 ಎಂಬಿ, ನಾಲ್ಕು ಸಾವಿರ ರೂಪಾಯಿಯ ಡಿಸ್ಕಿನಲ್ಲಿ ಎಲ್ಲವೂ ಕೂತಿವೆ. ಮುಂದೆ ಇನ್ನೂ ಒಳ್ಳೆ ಕ್ಲಿಕ್ ತೆಗೆಯುವ ಸಾಫ್ಟ್‌ವೇರು ಬಂದರೆ ಮತ್ತೆ ಮುಳ್ಳು ಸವೆಸುವ ಕೆಲಸ ಇರುವುದಿಲ್ಲ.