ಬೋನಸ್, ವಿಭಜನೆ, ಮರುಖರೀದಿ: ನಿಮ್ಮ ಲೆಕ್ಕದಲ್ಲಿ ಬದಲಾಗುವುದೇನು?

2024ರ ಡಿಸೆಂಬರ್ ಮೊದಲ ವಾರ ಮೊಬೈಲ್‌ನಲ್ಲಿ ವಿಪ್ರೊ ಷೇರಿನ ಬೆಲೆ ನೋಡಿದ ಕೆಲವರು ಗಾಬರಿಯಾದರು. 580 ರೂಪಾಯಿ ದಾಟಿದ್ದ ಷೇರು ರಾತ್ರಿ ಕಳೆಯುವುದರೊಳಗೆ ಸುಮಾರು ಅರ್ಧಕ್ಕೆ ಇಳಿದಿತ್ತು. ಆಗಿದ್ದು ಇಷ್ಟೇ: ಕಂಪನಿ ಒಂದಕ್ಕೊಂದು ಬೋನಸ್, ಅಂದರೆ ಇದ್ದ ಪ್ರತಿ ಷೇರಿಗೆ ಹಣ ಪಡೆಯದೆ ಇನ್ನೊಂದು ಷೇರು ಕೊಟ್ಟಿತ್ತು. ಹೊಸ ಷೇರುಗಳು ಖಾತೆಗೆ ಬರುವ ಮೊದಲೇ ಬೆಲೆ ಹೊಂದಿಕೊಂಡಿತ್ತು. ನಡುವಿನ ಆ ಒಂದೆರಡು ದಿನ ಆ್ಯಪ್ ನಷ್ಟ ತೋರಿಸುತ್ತದೆ, ಗಾಬರಿಯಲ್ಲಿ ಮಾರಬೇಡಿ.

ಇಂಥ ಪ್ರಕಟಣೆ ಬಂದಾಗ ಮೊದಲು ನೋಡಬೇಕಾದದ್ದು ರೆಕಾರ್ಡ್ ಡೇಟ್, ಅಂದರೆ ಯಾರು ಅರ್ಹರೆಂದು ಕಂಪನಿ ಲೆಕ್ಕ ಹಿಡಿಯುವ ದಿನ. ಆ ದಿನ ಷೇರು ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಇರಬೇಕು. ಈಗ ಕೊಂಡ ಷೇರು ಮರುದಿನ ಖಾತೆಗೆ ಬರುವುದರಿಂದ, ಹಿಂದಿನ ವಹಿವಾಟಿನ ದಿನವೇ ಖರೀದಿ ಮುಗಿದಿರಬೇಕು. ರೆಕಾರ್ಡ್ ಡೇಟ್‌ನಂದೇ ಕೊಂಡವರಿಗೆ ಬೋನಸ್ ಇಲ್ಲ. ಆದರೆ ಅವರು ಕೊಳ್ಳುವುದು ಇಳಿದ ಬೆಲೆಗೇ ಆದ್ದರಿಂದ ಕಳೆದುಕೊಂಡದ್ದೂ ಇಲ್ಲ.

ಎರಡನೆಯದಾಗಿ, ಅದು ವಿಭಜನೆಯೋ ಬೋನಸ್ಸೋ ಎಂದು ಖಚಿತಪಡಿಸಿಕೊಳ್ಳಿ. ವಿಭಜನೆಯಲ್ಲಿ ಷೇರಿನ ಮುಖಬೆಲೆ ಒಡೆಯುತ್ತದೆ. 2019ರಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ 2 ರೂಪಾಯಿ ಮುಖಬೆಲೆಯ ಷೇರನ್ನು 1 ರೂಪಾಯಿಯ ಎರಡು ಷೇರಾಗಿಸಿತು. ಬೋನಸ್‌ನಲ್ಲಿ ಮುಖಬೆಲೆ ಹಾಗೇ ಉಳಿಯುತ್ತದೆ. ಕಂಪನಿ ತನ್ನ ಮೀಸಲು ನಿಧಿಯ ಒಂದು ಭಾಗವನ್ನು ಷೇರು ಬಂಡವಾಳದ ಲೆಕ್ಕಕ್ಕೆ ವರ್ಗಾಯಿಸುತ್ತದೆ. ಎರಡರಲ್ಲೂ ಕಂಪನಿಯಿಂದ ಒಂದು ಪೈಸೆ ಹೊರಗೆ ಹೋಗುವುದಿಲ್ಲ, ಕಂಪನಿಯಲ್ಲಿ ನಿಮ್ಮ ಪಾಲೂ ಬದಲಾಗುವುದಿಲ್ಲ. ‘ಉಚಿತ ಷೇರು’ ಎಂಬ ಮಾತನ್ನು ಅಷ್ಟಾಗಿ ನಂಬಬೇಕಿಲ್ಲ.

ವ್ಯತ್ಯಾಸ ಕಾಣುವುದು ತೆರಿಗೆಯಲ್ಲಿ. ಎರಡು ವರ್ಷದ ಹಿಂದೆ ತಲಾ 400 ರೂಪಾಯಿಗೆ 100 ಷೇರು ಕೊಂಡಿದ್ದೀರಿ ಎಂದುಕೊಳ್ಳಿ. ವಿಭಜನೆಯಾದರೆ 200 ಷೇರು, ತಲಾ ಖರೀದಿ ಬೆಲೆ 200 ರೂಪಾಯಿ, ಖರೀದಿಯ ದಿನ ಹಳೆಯದೇ. ಬೋನಸ್ ಆದರೆ ಹಳೆಯ 100 ಷೇರಿನ ಬೆಲೆ 400 ಆಗಿಯೇ ಉಳಿಯುತ್ತದೆ. ಹೊಸ 100ರ ಖರೀದಿ ಬೆಲೆ ಸೊನ್ನೆ, ಅವಧಿ ಶುರುವಾಗುವುದು ಹಂಚಿಕೆಯಾದ ದಿನದಿಂದ. ಡಿಮ್ಯಾಟ್ ಖಾತೆಯಿಂದ ಮೊದಲು ಬಂದದ್ದು ಮೊದಲು ಹೋಗುತ್ತದೆ. ಹಾಗಾಗಿ 300 ರೂಪಾಯಿಗೆ 100 ಷೇರು ಮಾರಿದರೆ ಕಾಗದದ ಮೇಲೆ 10,000 ರೂಪಾಯಿ ದೀರ್ಘಾವಧಿ ನಷ್ಟ. ಉಳಿದ ನೂರನ್ನೂ ವರ್ಷದೊಳಗೆ ಅದೇ ಬೆಲೆಗೆ ಮಾರಿದರೆ ಪೂರ್ತಿ 30,000 ರೂಪಾಯಿ ಅಲ್ಪಾವಧಿ ಲಾಭ, ಅದರ ಮೇಲೆ ಶೇ 20 ತೆರಿಗೆ. ದೀರ್ಘಾವಧಿ ನಷ್ಟವನ್ನು ಈ ಅಲ್ಪಾವಧಿ ಲಾಭದಲ್ಲಿ ಕಳೆಯಲೂ ಬರುವುದಿಲ್ಲ. ಎರಡನೇ ಕಂತನ್ನು ಮಾರುವ ಮುನ್ನ ಒಂದು ವರ್ಷ ತುಂಬಿದೆಯೇ ನೋಡಿಕೊಳ್ಳಿ.

ಮರುಖರೀದಿಯ ದಾರಿಯೇ ಬೇರೆ. ಇಲ್ಲಿ ಕಂಪನಿ ತನ್ನದೇ ಷೇರುಗಳನ್ನು ಹೂಡಿಕೆದಾರರಿಂದ ಕೊಳ್ಳುತ್ತದೆ. ಅದರ ಹಣ ನಿಜವಾಗಿ ಹೊರಗೆ ಹೋಗುತ್ತದೆ, ಕೊಂಡ ಷೇರುಗಳು ರದ್ದಾಗುತ್ತವೆ, ಮಾರದೆ ಉಳಿದವರ ಪಾಲು ತುಸು ಹಿಗ್ಗುತ್ತದೆ. 2025ರಲ್ಲಿ ಇನ್ಫೊಸಿಸ್ ತಲಾ 1,800 ರೂಪಾಯಿಯಂತೆ 10 ಕೋಟಿ ಷೇರು ಕೊಳ್ಳಲು 18,000 ಕೋಟಿ ತೆಗೆದಿರಿಸಿತು. ಪ್ರವರ್ತಕರು ಭಾಗವಹಿಸಲಿಲ್ಲ. ರೆಕಾರ್ಡ್ ಡೇಟ್‌ನಂದು 2 ಲಕ್ಷ ರೂಪಾಯಿವರೆಗಿನ ಷೇರು ಇದ್ದ ಸಣ್ಣ ಹೂಡಿಕೆದಾರರಿಗೆ ಪ್ರತಿ 11 ಷೇರಿಗೆ 2 ಷೇರು ಮಾರುವ ಹಕ್ಕು ಸಿಕ್ಕಿತು.

110 ಷೇರು ಇದ್ದವರ ಲೆಕ್ಕ ಹಾಕೋಣ. ಹಕ್ಕು 20 ಷೇರಿಗೆ, ಕೈಗೆ 36,000 ರೂಪಾಯಿ. ಮಾರುಕಟ್ಟೆಯಲ್ಲಿ ಆಗ 1,500ರ ಆಸುಪಾಸು, ಅಂದರೆ 30,000. ಮೇಲ್ನೋಟಕ್ಕೆ 6,000 ಲಾಭ. ಆದರೆ ಆಗಿನ ನಿಯಮದಂತೆ ಪೂರ್ತಿ 36,000 ರೂಪಾಯಿಯನ್ನು ಲಾಭಾಂಶವೆಂದೇ ಪರಿಗಣಿಸಬೇಕಿತ್ತು. ಶೇ 30ರ ಹಂತದಲ್ಲಿದ್ದವರಿಗೆ 10,800 ರೂಪಾಯಿ ತೆರಿಗೆ, ಮೇಲೆ ಸೆಸ್. ಉಳಿದದ್ದು ಮಾರುಕಟ್ಟೆಯಲ್ಲಿ ಮಾರಿದವರಿಗಿಂತ ಕಡಿಮೆ. ಷೇರಿನ ಮೂಲ ಖರೀದಿ ಹಣವನ್ನು ಬಂಡವಾಳ ನಷ್ಟವೆಂದು ತೋರಿಸಬಹುದಿತ್ತು, ನಿಜ. ಆದರೆ ಅದನ್ನು ಸರಿದೂಗಿಸಲು ಬೇರೆ ಬಂಡವಾಳ ಲಾಭ ಇರಬೇಕು. ತೆರಿಗೆ ಕಟ್ಟಬೇಕಿಲ್ಲದಷ್ಟು ಕಡಿಮೆ ಆದಾಯದ ಗೃಹಿಣಿಗೆ, ನಿವೃತ್ತರಿಗೆ ಇದೇ ಕೊಡುಗೆ ಒಳ್ಳೆಯ ವ್ಯಾಪಾರ.

2026ರ ಬಜೆಟ್ ಮರುಖರೀದಿಯಿಂದ ಬಂದ ಹಣವನ್ನು ಮತ್ತೆ ಬಂಡವಾಳ ಲಾಭದ ಲೆಕ್ಕಕ್ಕೆ ತರುವ ಪ್ರಸ್ತಾವ ಇಟ್ಟಿತು. ಆದ್ದರಿಂದ ಕೊಡುಗೆ ತೆರೆದ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ಮೊದಲು ವಿಚಾರಿಸಿ. ಮಾರುವುದಾದರೆ ಬ್ರೋಕರ್ ಆ್ಯಪ್‌ನ ಮರುಖರೀದಿ ವಿಭಾಗದಲ್ಲಿ ಗಡುವಿನೊಳಗೆ ಷೇರು ಒಪ್ಪಿಸಬೇಕು. ಬ್ರೋಕರ್‌ನ ಗಡುವು ಕಂಪನಿಯ ಗಡುವಿಗಿಂತ ಮೊದಲೇ ಮುಗಿಯಬಹುದು. ಹಕ್ಕಿಗಿಂತ ಹೆಚ್ಚು ಷೇರು ಒಪ್ಪಿಸಲು ಅಡ್ಡಿಯಿಲ್ಲ. ಬೇರೆಯವರು ಬಿಟ್ಟ ಪಾಲು ಸಿಕ್ಕರೆ ಅವೂ ಮಾರಾಟವಾಗುತ್ತವೆ, ಇಲ್ಲವಾದರೆ ನಿಮ್ಮ ಖಾತೆಯಲ್ಲೇ ಉಳಿಯುತ್ತವೆ. ಏನೂ ಮಾಡದೆ ಸುಮ್ಮನಿದ್ದರೆ ನಿಮ್ಮ 110 ಷೇರು 110 ಆಗಿಯೇ ಇರುತ್ತವೆ.